ಸೋರದ ಗೀಸರ್ ಕೊಲ್ಲುವ ಬಗೆ

ಬೈಲಹೊಂಗಲದಲ್ಲಿ ನನ್ನ ತಂಗಿ ಬಾಡಿಗೆಗೆ ಇರುವ ಮನೆಯ ಬಚ್ಚಲು ನಾಲ್ಕಡಿ ಅಗಲ, ಐದಡಿ ಉದ್ದ, ಎಂಟಡಿ ಎತ್ತರ. ಹೋದ ಚಳಿಗಾಲದಲ್ಲಿ ಪಕ್ಕದ ಮನೆ ಕಟ್ಟುತ್ತಿದ್ದ ಗೌಂಡಿಯ ಟೇಪು ಇಸಿದುಕೊಂಡು ನಾನೇ ಅಳೆದೆ. ಅಳೆಯುವ ಪ್ರಸಂಗ ಬಂದದ್ದು ಅವಳ ತಲೆನೋವಿನಿಂದ.

"ಅಣ್ಣಾ, ರವಿವಾರ ಜಳಕಾ ಮಾಡಿ ಹೊರಗ ಬಂದ್ನೆಂದ್ರ ತಲಿ ಸಿಡೀತೈತಿ ನೋಡು, ವಾಂತಿ ಬಂದಂಗ ಆಗತೈತಿ. ಅರ್ಧಾ ತಾಸು ಕಟ್ಟಿ ಮ್ಯಾಲ ಕುಂತ್ರ ತಾನ ಕಡಿಮಿ ಆಗತೈತಿ" ಅಂದಿದ್ದಳು.

ಬಿ.ಪಿ. ನೋಡಿಸಿದ್ದಳು. ಕನ್ನಡಕದ ನಂಬರು ಬದಲಿಸಿದ್ದಳು. ಪಿತ್ತ ಇರಬೇಕೆಂದು ಜೀರಿಗೆ ಕಷಾಯವೂ ಆಗಿತ್ತು. ರವಿವಾರವೇ ಯಾಕೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ರವಿವಾರ ಆ ಮನೆಯ ನಾಲ್ಕೂ ಜನ ತಲೆಗೆ ಎರೆದುಕೊಳ್ಳುತ್ತಾರೆ, ಒಬ್ಬರ ಬೆನ್ನಿಗೊಬ್ಬರು. ಎಲ್ಲರದೂ ಮುಗಿದ ಮೇಲೆ ಕೊನೆಗೆ ಒಳಗೆ ಹೋಗುವವಳು ಇವಳು. ಬಚ್ಚಲ ಗೋಡೆಗೆ ಗ್ಯಾಸ್ ಗೀಸರ್ ತೂಗುಹಾಕಿದೆ. ಮೇಲಿನ ಪುಟ್ಟ ಬೆಳಕಿಂಡಿಯಿಂದ ಥಂಡಿ ಗಾಳಿ ಬರುತ್ತದೆಂದು ಟಿ.ವಿ. ಪೆಟ್ಟಿಗೆಯೊಳಗಿನ ಥರ್ಮಾಕೋಲ್ ತುಂಡನ್ನು ಅದಕ್ಕೆ ಅಳತೆಗೆ ಕತ್ತರಿಸಿ ಗಿಡಿದಿದ್ದರು. ಬಾಗಿಲು ಪ್ಲಾಸ್ಟಿಕ್ಕಿನದು, ನಮ್ಮ ಕಡೆ ಸಿಂಟೆಕ್ಸ್ ಬಾಗಿಲು ಅನ್ನುತ್ತಾರಲ್ಲ, ಅದು. ಹಾಕಿದರೆ ಕೆಳಗೆ ಒಂದು ಬೆರಳು ಹೋಗುವಷ್ಟೂ ಸಂದಿಲ್ಲ.

"ಗ್ಯಾಸ್ ಸೋರತದನ ನೋಡೀರೇನು?" ಅಂತ ಕೇಳಿದರೆ ತಂಗಿಯ ಗಂಡ, ನಮ್ಮ ಅಳಿಯಂದಿರು, ನಕ್ಕರು. "ನೋಡೇವ್ರಿ, ಸಾಬೂನ ನೀರ ಹಚ್ಚಿ ನೋಡೇವಿ. ಎಲ್ಲೂ ಸೋರೂದಿಲ್ಲ. ಒಂದು ವಾಸನಿ ಸೈತ ಇಲ್ಲ."

ಅವರ ಮಾತು ಖರೆ ಇತ್ತು. ಗೀಸರ್ ಸೋರುತ್ತಿರಲಿಲ್ಲ. ಅದು ನೆಟ್ಟಗೆ ಉರಿಯುತ್ತಿತ್ತು, ಮತ್ತು ತಲೆನೋವು ಬರುತ್ತಿದ್ದದ್ದು ಆ ಉರಿಯಿಂದಲೇ.

2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಪ್ಪತ್ತರ ಹರೆಯದ ಇಬ್ಬರು ಅಕ್ಕತಂಗಿಯರು ಬಚ್ಚಲಲ್ಲಿ ಸತ್ತರು. 2023ರ ಜೂನಿನಲ್ಲಿ ಬೆಂಗಳೂರಿನ ಚಿಕ್ಕಜಾಲ ಠಾಣೆಯ ಸರಹದ್ದಿನಲ್ಲಿ ಒಂದು ಯುವ ಜೋಡಿ ಹೀಗೆಯೇ ಹೋಯಿತು. ಎರಡೂ ಕಡೆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳ ತಲೆಬರಹ ಹೆಚ್ಚುಕಡಿಮೆ ಒಂದೇ: "ಗೀಸರ್ ಅನಿಲ ಸೋರಿಕೆ". ಈ 'ಸೋರಿಕೆ' ಎಂಬ ಶಬ್ದದ ಮೇಲೆ ನನಗೆ ಸಿಟ್ಟಿದೆ. ಓದಿದವನು ಎದ್ದು ಹೋಗಿ ಪೈಪು ಮೂಸಿ ನೋಡುತ್ತಾನೆ, ರಬ್ಬರ್ ನಳಿಕೆ ಹೊಸದು ಹಾಕಿಸುತ್ತಾನೆ, ವಾಸನೆ ಇಲ್ಲವೆಂದು ನೆಮ್ಮದಿಯಿಂದ ಚಿಲಕ ಹಾಕಿಕೊಂಡು ಜಳಕಕ್ಕೆ ಕೂಡುತ್ತಾನೆ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುವುದು ಸೋರಿದರೆ ಗೊತ್ತಾಗಲಿ ಎಂದು. ಆ ವಾಸನೆಯ ರಾಸಾಯನಿಕ ಉರಿಯಲ್ಲಿ ಗ್ಯಾಸಿನ ಸಂಗಡವೇ ಸುಟ್ಟುಹೋಗುತ್ತದೆ. ಉರಿದ ಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ಮೂಗಿಗೆ ಕೆಲಸವೇ ಇಲ್ಲ.

ಬೆಂಕಿ ಹಚ್ಚಿ ನೀರು ಕಾಸುವುದು ನಮಗೆ ಹೊಸದಲ್ಲ. ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಒಟ್ಟಿ ಹಂಡೆ ಕಾಸುತ್ತಿದ್ದರು, ಇನ್ನೂ ಕಾಸುತ್ತಾರೆ. ಆದರೆ ಆ ಬಚ್ಚಲಿಗೆ ಮೇಲೆ ಹಂಚು, ಹಂಚಿನ ಸಂದಿ, ಗೋಡೆಯಲ್ಲಿ ಹೊಗೆಗಿಂಡಿ, ಬಾಗಿಲ ಜಾಗದಲ್ಲಿ ಒಂದು ತಟ್ಟಿ. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿಯೇ ಹಿತ್ತಲಿಗಿರುತ್ತಿತ್ತು. ಪೇಟೆ ಮನೆಗಳಲ್ಲಿ ತಾಮ್ರದ ಬಂಬ ಇರುತ್ತಿತ್ತು. ಅದರ ನಟ್ಟನಡುವೆ ಹೊಗೆಕೊಳವೆ, ಕೆಳಗೆ ಕೆಂಡ. ಕಟ್ಟಿಗೆಯ ಬೆಂಕಿಯೂ ಇದೇ ವಿಷವನ್ನು ಬೇಕಾದಷ್ಟು ಉಗುಳುತ್ತದೆ, ಆದರೆ ಅದರ ಜೊತೆಗೆ ಹೊಗೆ ಬರುತ್ತದೆ. ಹೊಗೆ ಕಣ್ಣಿಗೆ ಹೊಡೆದು ಮನುಷ್ಯನನ್ನು ಹೊರಗೆ ಓಡಿಸುತ್ತದೆ. ನಾವು ಮಾಡಿದ್ದಿಷ್ಟು: ಬೆಂಕಿಯನ್ನು ಉಳಿಸಿಕೊಂಡೆವು, ಹೊಗೆಕೊಳವೆಯನ್ನು ಬಿಟ್ಟೆವು. ಮೇಲೆ ಸ್ಲ್ಯಾಬು ಬಂತು, ಗೋಡೆಗೆ ಆಳೆತ್ತರ ಟೈಲ್ಸ್ ಬಂತು, ಕಿಂಡಿಗೆ ಗಾಜು ಬಂತು, ತಟ್ಟಿ ಹೋಗಿ ಸಿಂಟೆಕ್ಸ್ ಬಾಗಿಲು ಬಂತು.

ಇನ್ನು ಆ ನಾಲ್ಕಡಿ-ಐದಡಿ ಕೋಣೆಯ ಲೆಕ್ಕಕ್ಕೆ ಬರೋಣ. ಶಾಲೆಯ ವಿಜ್ಞಾನ ಬಲ್ಲವರು ಯಾರೂ ಮಾಡಬಹುದಾದ ಲೆಕ್ಕ ಇದು.

ನಾಲ್ಕು, ಐದು, ಎಂಟು ಗುಣಿಸಿದರೆ 160 ಘನ ಅಡಿ, ಅಂದರೆ ಸುಮಾರು 4,500 ಲೀಟರ್ ಗಾಳಿ. ಮನೆಗಳಿಗೆ ಹಾಕುವ ಸಾದಾ ಗೀಸರ್ ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುತ್ತದೆ. ಚಳಿಗಾಲದಲ್ಲಿ ಟಾಕಿಯಿಂದ 20 ಡಿಗ್ರಿಯಲ್ಲಿ ಬಂದ ನೀರನ್ನು 45ಕ್ಕೆ ಏರಿಸಬೇಕೆಂದರೆ ನಿಮಿಷಕ್ಕೆ ಸುಮಾರು 16 ಗ್ರಾಂ ಎಲ್‌ಪಿಜಿ ಸುಡಬೇಕು. 16 ಗ್ರಾಂ ಎಂದರೆ ಎರಡು ಚಮಚದ ಮಾತು, ಕಣ್ಣಿಗೆ ದೊಡ್ಡದು ಅನಿಸುವುದಿಲ್ಲ. ಆದರೆ ಅಷ್ಟು ಗ್ಯಾಸು ಸುಡಲು ನಿಮಿಷಕ್ಕೆ 44 ಲೀಟರ್ ಆಮ್ಲಜನಕ ಬೇಕು. ಸುಮ್ಮನೆ ಕೂತ ಮನುಷ್ಯನೊಬ್ಬ ನಿಮಿಷಕ್ಕೆ ಕಾಲು ಲೀಟರ್, ಹೆಚ್ಚೆಂದರೆ 300 ಮಿಲಿಲೀಟರ್ ಆಮ್ಲಜನಕ ಬಳಸುತ್ತಾನೆ. ಹಾಗಾದರೆ ಆ ಗೀಸರ್ ಹೊತ್ತಿಸಿಕೊಂಡು ಜಳಕಕ್ಕೆ ಕೂತರೆ, ಆ ನಾಲ್ಕಡಿ ಕೋಣೆಯಲ್ಲಿ ನೂರೈವತ್ತು ಜನ ಒತ್ತಿಕೊಂಡು ನಿಂತು ಉಸಿರಾಡಿದಂತೆ ಆಯಿತು.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಗ್ಯಾಸಿನ ಜ್ವಾಲೆ ಪೂರ್ತಿಯಾಗಿ ಉರಿಯಲು ಹೆಚ್ಚುಕಡಿಮೆ ಅಷ್ಟೂ ಬೇಕು. ಅದು 18ಕ್ಕೆ ಇಳಿಯುವಷ್ಟರಲ್ಲಿ ಉರಿ ಕೆಡುತ್ತದೆ. ಕೊಳವೆಯಿಲ್ಲದ ಗ್ಯಾಸ್ ಹೀಟರುಗಳಿಗೆ ವಿದೇಶಗಳಲ್ಲಿ ಹಾಕುವ ಆಮ್ಲಜನಕ ಸಂವೇದಕ ಗ್ಯಾಸು ಕಡಿಯುವುದೂ ಸುಮಾರು ಈ 18ರ ಹತ್ತಿರವೇ. ನಮ್ಮ ಬಚ್ಚಲಿನ 4,500 ಲೀಟರಿನಲ್ಲಿ ಮೂರು ಶೇಕಡಾ ಎಂದರೆ 135 ಲೀಟರ್. ಗೀಸರ್ ತಿನ್ನುವುದು ನಿಮಿಷಕ್ಕೆ 44. ಮೂರು ನಿಮಿಷ. ಒಂದು ಬಕೀಟು ತುಂಬುವ ಹೊತ್ತು.

ಇದು ಗಾಳಿ ಎಲ್ಲಿಂದಲೂ ಬಾರದಂತೆ ಮುಚ್ಚಿದ ಕೋಣೆಯ ಲೆಕ್ಕ. ನಿಜವಾದ ಬಚ್ಚಲಿಗೆ ಮೋರಿ ತೂತು ಇರುತ್ತದೆ, ಬಾಗಿಲ ಸಂದಿ ಇರುತ್ತದೆ, ಬಿಸಿ ಗಾಳಿ ಹಿಗ್ಗಿ ಅಲ್ಲಿಲ್ಲಿ ಹೊರಗೆ ಹೋಗುತ್ತದೆ. ಆದ್ದರಿಂದ ಮೂರು ನಿಮಿಷ ಎಂಟೋ ಹತ್ತೋ ಆಗಬಹುದು. ಎಷ್ಟು ಎಂಬುದು ಆ ಸಂದಿಗಳ ಮೇಲೆ, ಹೊರಗಿನ ಗಾಳಿಯ ಮೇಲೆ, ಯಾರೋ ಥರ್ಮಾಕೋಲ್ ಗಿಡಿದಿದ್ದಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಹತ್ತು ವರ್ಷ ಏನೂ ಆಗದೆ ಒಂದು ಬೆಳಿಗ್ಗೆ ಆಗುವುದಕ್ಕೆ ಕಾರಣವೂ ಇದೇ. ಕಿತ್ತೂರಿನ ಕಡೆ ಮಲೆನಾಡ ಸೆರಗಿನ ಶೀತಗಾಳಿ ಬೀಸುವ ಮಳೆಗಾಲದಲ್ಲಿ, ಎಲ್ಲೆಡೆ ಡಿಸೆಂಬರು-ಜನವರಿಯಲ್ಲಿ, ಜನ ಕಿಂಡಿ ಮುಚ್ಚುತ್ತಾರೆ. ನೀರು ಹೆಚ್ಚು ಬಿಸಿ ಬೇಕೆನ್ನುತ್ತಾರೆ, ಗೀಸರಿನ ತಿರುಗಣೆಯನ್ನು ಕೊನೆಗೆ ತಿರುಗಿಸುತ್ತಾರೆ, ಹೊತ್ತು ಹೆಚ್ಚು ಕೂಡುತ್ತಾರೆ. ಅಪಾಯದ ಮೂರೂ ಅಂಶ ಒಂದೇ ತಿಂಗಳಲ್ಲಿ ಕೂಡುತ್ತವೆ.

ಆಮ್ಲಜನಕ ಕಡಿಮೆಯಾದ ಉರಿ ಮಾಡುವುದೇನು? ಗ್ಯಾಸಿನಲ್ಲಿರುವ ಇಂಗಾಲ ಪೂರ್ತಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅರ್ಧಂಬರ್ಧ ಸುಟ್ಟರೆ ಮೊನಾಕ್ಸೈಡ್. ಇಪ್ಪತ್ತರಲ್ಲಿ ಒಂದೇ ಪಾಲು ಇಂಗಾಲ ಹೀಗೆ ಅರ್ಧ ಸುಟ್ಟಿತೆಂದು ಇಟ್ಟುಕೊಳ್ಳಿ, ಅದೇ ಬಚ್ಚಲಲ್ಲಿ ಪ್ರತಿ ನಿಮಿಷಕ್ಕೂ ಸುಮಾರು 300 ಪಿಪಿಎಂ ಸೇರುತ್ತ ಹೋಗುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು ಎಂದು ಅರ್ಥ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಐದು ನಿಮಿಷಕ್ಕೆ 1,500. ಕಾರ್ಖಾನೆ, ಗಣಿಗಳ ಸುರಕ್ಷತೆಯವರು ಬಳಸುವ ಕೋಷ್ಟಕದಲ್ಲಿ 1,600 ಪಿಪಿಎಂನಲ್ಲಿ ಇಪ್ಪತ್ತು ನಿಮಿಷಕ್ಕೆ ತಲೆನೋವು, ವಾಕರಿಕೆ, ತಲೆಸುತ್ತು, ಒಂದೆರಡು ಗಂಟೆಯೊಳಗೆ ಸಾವು. 6,400ಕ್ಕೆ ತಲೆನೋವು ಒಂದೆರಡು ನಿಮಿಷದಲ್ಲಿ, ಸಾವು ಹತ್ತು-ಹದಿನೈದು ನಿಮಿಷದಲ್ಲಿ. ಕೆಟ್ಟ ಉರಿ ಮತ್ತಷ್ಟು ಕೆಡುತ್ತದೆಯೇ ಹೊರತು ತಾನಾಗಿ ಸುಧಾರಿಸುವುದಿಲ್ಲ, ಹೀಗಾಗಿ ಮೊದಲ ಅಂಕೆಯಿಂದ ಎರಡನೆಯದರ ಕಡೆಗೆ ಏರುವುದು ನೇರ ಗೆರೆಯಂತಲ್ಲ, ಕಡಿದಾದ ಗುಡ್ಡದಂತೆ.

ಉರಿ ಕೆಡಲು ಗಾಳಿಯ ಕೊರತೆಯೊಂದೇ ಬೇಕೆಂದೇನಿಲ್ಲ. ಬರ್ನರಿನ ಕೆಳಗೆ ಗಾಳಿ ಎಳೆದುಕೊಳ್ಳುವ ಸಣ್ಣ ಬಾಯಿಗಳಿವೆ. ಅಲ್ಲಿ ಧೂಳು, ಜೇಡರ ಬಲೆ ಕೂತರೆ, ಮಗ್ಗಗಳಿರುವ ರಾಮದುರ್ಗದ ಮನೆಗಳಲ್ಲಾದರೆ ನೂಲಿನ ತುಪ್ಪಳ ಕೂತರೆ, ಹೊರಗೆ ಎಷ್ಟೇ ಗಾಳಿಯಿದ್ದರೂ ಜ್ವಾಲೆಗೆ ಸಿಗುವುದಿಲ್ಲ. ಮೇಲೆ ನೀರಿನ ಕೊಳವೆ ಸುತ್ತಿದ ತಾಮ್ರದ ರೆಕ್ಕೆಗಳಿವೆ. ಅವುಗಳ ಸಂದಿಯಲ್ಲಿ ಮಸಿ ತುಂಬಿದರೆ ಸುಟ್ಟ ಗಾಳಿ ಮೇಲೇಳಲಾರದೆ ಜ್ವಾಲೆಯನ್ನೇ ಉಸಿರುಗಟ್ಟಿಸುತ್ತದೆ. ಇದನ್ನು ಕಣ್ಣಿನಿಂದ ಪತ್ತೆ ಹಚ್ಚಬಹುದು. ಗೀಸರಿನ ಮುಂದಿನ ಕಿಟಕಿಯಲ್ಲಿ ಜ್ವಾಲೆ ನೀಲಿಯಾಗಿ, ಗಿಡ್ಡಗೆ, ಅಲುಗದೆ ನಿಂತಿರಬೇಕು. ಹಳದಿ ನಾಲಗೆ ಚಾಚಿ ಮೇಲಕ್ಕೆ ತೊನೆಯುತ್ತಿದ್ದರೆ, ಮೇಲಿನ ತಗಡಿನ ಮೇಲೋ ಗೋಡೆಯ ಟೈಲ್ಸಿನ ಮೇಲೋ ಕಪ್ಪು ಹಿಡಿದಿದ್ದರೆ, ಅದನ್ನು ಅಂದೇ ನಿಲ್ಲಿಸಬೇಕು. ಆದರೆ ಇದರ ಉಲ್ಟಾ ನಿಜವಲ್ಲ: ನೀಲಿ ಉರಿ ಕಂಡಿತೆಂದು ಮುಚ್ಚಿದ ಕೋಣೆಯಲ್ಲಿ ಧೈರ್ಯದಿಂದ ಕೂಡುವಂತಿಲ್ಲ. ತಂಗಿಯ ಗೀಸರಿನ ಉರಿ ನಾನು ಬಾಗಿಲು ತೆರೆದು ನೋಡಿದಾಗ ಚೊಕ್ಕ ನೀಲಿಯಾಗಿತ್ತು.

ಗೀಸರಿನಲ್ಲಿ ಸುರಕ್ಷತೆಯ ಸಾಧನಗಳಿಲ್ಲವೇ ಎಂದು ಕೇಳಬಹುದು. ಇವೆ. ಉರಿ ಆರಿದರೆ ಗ್ಯಾಸು ಕಡಿಯುವ ವ್ಯವಸ್ಥೆ ಇದೆ, ಆದರೆ ಅದು ಕಾಯುವುದು ಸೋರಿಕೆಯಿಂದ. ಅನೇಕ ಗೀಸರುಗಳಲ್ಲಿ ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇದೆ. ಮೂರು ನಿಮಿಷದ ಕೋಣೆಗೆ ಇಪ್ಪತ್ತು ನಿಮಿಷದ ಕಾವಲು. ಅದೂ ನಳ ಒಮ್ಮೆ ಬಂದ್ ಮಾಡಿ ತೆರೆದರೆ ಎಣಿಕೆ ಮತ್ತೆ ಮೊದಲಿನಿಂದ. ಈ ಸಣ್ಣ ಎಲ್‌ಪಿಜಿ ಗೀಸರುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 15558 ಎಂಬ ಮಾನಕ ಇದೆ, ಕೊಳ್ಳುವಾಗ ಆ ಗುರುತು ನೋಡಬೇಕಾದದ್ದೇ. ಆದರೆ ಯಂತ್ರ ಮಾನಕಕ್ಕೆ ಸರಿಯಿದ್ದರೂ ಅದನ್ನು ಎಲ್ಲಿ ತೂಗುಹಾಕುತ್ತಾರೆಂಬುದು ಅಂಗಡಿಯಿಂದ ಹೊರಬಿದ್ದ ಮೇಲಿನ ಕಥೆ. ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಗಳು ಈ ವಿಷಯದಲ್ಲಿ ಮಾತು ಬೆಳೆಸಿಲ್ಲ: ಉರಿಯುವ ಗಾಳಿಯನ್ನು ಹೊರಗಿನಿಂದಲೇ ತಂದು ಹೊರಕ್ಕೇ ಬಿಡುವ ಮುಚ್ಚಿದ ಬಗೆಯ ಸಾಧನವಲ್ಲದಿದ್ದರೆ, ಸ್ನಾನದ ಕೋಣೆಯಲ್ಲಿ ಗ್ಯಾಸ್ ಉಪಕರಣ ಕೂಡಿಸುವಂತೆಯೇ ಇಲ್ಲ.

ಈಗ ರಕ್ತದ ಮಾತು. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಮೊನಾಕ್ಸೈಡನ್ನು ಹಿಡಿಯುತ್ತದೆ. ಬಸ್ಸಿನಲ್ಲಿ ಸೀಟು ಹಿಡಿದವನು ಏಳುವುದಿಲ್ಲ, ಆಮ್ಲಜನಕ ಬಾಗಿಲಲ್ಲೇ ನಿಲ್ಲುತ್ತದೆ. ಮೊದಲು ಮಂಕಾಗುವುದು ಮಿದುಳು. ತಲೆ ಭಾರ, ಒಂದು ಬಗೆಯ ಮೈಮರೆವು, ಕಾಲಲ್ಲಿ ಬಲವಿಲ್ಲದಂತೆ. ಬಿಸಿನೀರಿನ ಹಿತವೆಂದೇ ಅದು ಅನಿಸಬಹುದು. ಏನೋ ಸರಿಯಿಲ್ಲವೆಂದು ತಿಳಿದು ಏಳಲು ಹೋದಾಗ ಏಳಲಾಗುವುದಿಲ್ಲ. ಎದ್ದರೂ ದುಡಿಯುವ ಸ್ನಾಯು ಉಳಿದ ಆಮ್ಲಜನಕವನ್ನೂ ಕಿತ್ತುಕೊಳ್ಳುವುದರಿಂದ ಬಾಗಿಲ ಹತ್ತಿರ ಬೀಳುತ್ತಾರೆ. ನಮ್ಮ ಬಚ್ಚಲ ಬಾಗಿಲುಗಳು ಬಹುಪಾಲು ಒಳಕ್ಕೆ ತೆರೆಯುತ್ತವೆ. ಬಿದ್ದ ಮೈ ಬಾಗಿಲಿಗೆ ಅಡ್ಡ, ಒಳಗೆ ಚಿಲಕ. ಹೊರಗೆ ಕೂತವರಿಗೆ ನೀರು ಬೀಳುವ ಸದ್ದು ಕೇಳುತ್ತಲೇ ಇರುತ್ತದೆ. ಇನ್ನೂ ಜಳಕ ಮುಗಿದಿಲ್ಲ ಅಂದುಕೊಳ್ಳುತ್ತಾರೆ. ನೀರು ಹರಿಯುವ ತನಕ ಗೀಸರೂ ಉರಿಯುತ್ತಿರುತ್ತದೆ.

ಹೀಗೆ ಬಿದ್ದವರನ್ನು ಹೊರಗೆ ತಂದ ಮೇಲೆ ನಡೆಯುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಕೊರೊನಾ ಬಂದು ಹೋದ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಯಲ್ಲಿದೆ, ಪ್ರತಿ ದವಾಖಾನೆಯಲ್ಲಿದೆ. ಗೀಸರಿನ ವಿಷ ಏರಿದವರ ಬೆರಳಿಗೆ ಅದನ್ನು ಹಾಕಿದರೆ 98 ಎಂದೋ 99 ಎಂದೋ ತೋರಿಸುತ್ತದೆ. ಎರಡು ಬಣ್ಣದ ಬೆಳಕು ಹಾಯಿಸಿ ರಕ್ತ ಎಷ್ಟು ಕೆಂಪಿದೆ ಎಂದು ನೋಡುವ ಯಂತ್ರ ಅದು. ಮೊನಾಕ್ಸೈಡ್ ಕಚ್ಚಿಕೊಂಡ ರಕ್ತವೂ ಕೆಂಪಾಗಿಯೇ ಇರುವುದರಿಂದ ಅದನ್ನೂ ಆಮ್ಲಜನಕದ ಖಾತೆಗೆ ಬರೆದುಬಿಡುತ್ತದೆ. "ಆಕ್ಸಿಜನ್ ಚಲೋ ಐತಿ, ವೀಕ್‌ನೆಸ್ ಇರಬೇಕು" ಎಂದು ಸಲೈನ್ ಹಚ್ಚಿ ಮನೆಗೆ ಕಳಿಸುವುದು ಈ ಕಾರಣದಿಂದ. ಖರೆ ಅಳತೆ ಸಿಗುವುದು ಕೋ-ಆಕ್ಸಿಮೀಟರ್ ಎಂಬ ಬೇರೆ ಯಂತ್ರದಲ್ಲಿ ರಕ್ತ ಪರೀಕ್ಷಿಸಿದರೆ. ಅದು ದೊಡ್ಡ ಆಸ್ಪತ್ರೆಗಳ ಸರಕು. ಅದಕ್ಕೆ ಕಾಯಬೇಕಾಗಿಲ್ಲ. "ಗ್ಯಾಸ್ ಗೀಸರ್ ಇರೂ ಬಚ್ಚಲದಾಗ ಬಿದ್ದಾರ್ರಿ" ಎಂಬ ಒಂದು ಮಾತನ್ನು ಕರೆತಂದವರು ಹೇಳಿದರೆ ಸಾಕು, ಆಕ್ಸಿಮೀಟರ್ ಏನೇ ತೋರಿಸಲಿ, ಪೂರ್ಣ ಆಮ್ಲಜನಕ ಶುರು ಮಾಡಲು ಅದೇ ಆಧಾರ.

ಯಾಕೆ ಅವಸರ ಎಂದರೆ, ಹೊರಗಿನ ಸಾದಾ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಅದೇ ಕೆಲಸ ಒಂದರಿಂದ ಒಂದೂವರೆ ಗಂಟೆಯಲ್ಲಿ ಆಗುತ್ತದೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಎರಡು-ಎರಡೂವರೆ ತಾಸು ಓಡಿಸಿದರೆ ದಾರಿಯಲ್ಲಿ ಅರ್ಧವೂ ಇಳಿದಿರುವುದಿಲ್ಲ. ಅದರ ಬದಲು ಹತ್ತು ನಿಮಿಷದ ದೂರದ ತಾಲೂಕು ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿಸಿ, 108ರ ಗಾಡಿಯಲ್ಲಿ ಆಮ್ಲಜನಕ ನಡೆಸುತ್ತಲೇ ಮುಂದೆ ಒಯ್ದರೆ ಬೆಳಗಾವಿ ಮುಟ್ಟುವಷ್ಟರಲ್ಲಿ ವಿಷ ಕಾಲು ಭಾಗಕ್ಕೆ ಬಂದಿರಬಹುದು. ಕಾಪಾಡಲು ಒಳಗೆ ನುಗ್ಗುವವರಿಗೂ ಒಂದು ಮಾತು: ಬಾಗಿಲು ಮುರಿದು, ಉಸಿರು ಬಿಗಿಹಿಡಿದು, ಮೊದಲು ಎಳೆದು ಹೊರಗೆ ತರಬೇಕು. ಅಲ್ಲಿಯೇ ಕೂತು ಮುಖಕ್ಕೆ ನೀರು ಚಿಮುಕಿಸುತ್ತ "ಏಳವ್ವಾ" ಅನ್ನುವವರು ಎರಡನೆಯವರಾಗಿ ಬೀಳುತ್ತಾರೆ.

ಸಾಯದೆ ಉಳಿದವರ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಚೇತರಿಸಿ ಮನೆಗೆ ಹೋದವರಲ್ಲಿ ಕೆಲವರಿಗೆ ಕೆಲವು ದಿನಗಳಿಂದ ಹಿಡಿದು ಐದಾರು ವಾರಗಳ ಬಳಿಕ ಮರೆವು, ನಡಿಗೆಯಲ್ಲಿ ತೊಡರು, ಕೈಕಾಲು ಬಿಗಿತ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಬಗೆ ಇನ್ನೂ ಮೋಸದ್ದು. ಬಚ್ಚಲಲ್ಲಿ ಬಿದ್ದು ಕೈಕಾಲು ಸೆಳೆದುಕೊಂಡರೆ ನಾವು ಅದನ್ನು ಮೂರ್ಛೆರೋಗ, ಫಿಟ್ಸ್ ಅನ್ನುತ್ತೇವೆ. ಸ್ಕ್ಯಾನು, ಇಇಜಿ ಎಲ್ಲ ಸರಿಯಿರುತ್ತದೆ, ಆದರೂ ಗುಳಿಗೆ ಶುರುವಾಗುತ್ತದೆ, ವರ್ಷಗಟ್ಟಲೆ ನಡೆಯುತ್ತದೆ. ಭಾರತದ ನರರೋಗ ತಜ್ಞರು ಇಂಥವರನ್ನು ಒಟ್ಟುಗೂಡಿಸಿ ನೋಡಿ ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದೇ ಹೆಸರಿಟ್ಟಿದ್ದಾರೆ. ಹುಡುಗಿಗೆ ಫಿಟ್ಸ್ ಇದೆಯೆಂದು ಸಂಬಂಧ ಮುರಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಫಿಟ್ಸ್ ಬಂದದ್ದು ಎಲ್ಲಿ, ಬಚ್ಚಲ ಬಿಟ್ಟು ಬೇರೆಲ್ಲಾದರೂ ಬಂದಿದೆಯೇ, ಗೀಸರ್ ಹಾಕಿಸುವ ಮೊದಲು ಬಂದಿತ್ತೇ ಎಂಬ ಮೂರು ಪ್ರಶ್ನೆ ಗುಳಿಗೆಗಿಂತ ಮೊದಲು ಕೇಳಬೇಕಾದವು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ನನಗೆ ಎಲ್ಲಕ್ಕಿಂತ ಅಂಜಿಕೆ ಬಾಣಂತಿಯರದು. ತವರಿಗೆ ಬಂದ ಮಗಳಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹಾಕಬೇಕು, ಮೈಗೆ ಗಾಳಿ ತಾಕಬಾರದು. ಆದ್ದರಿಂದ ಬಾಗಿಲು, ಕಿಂಡಿ ಎಲ್ಲ ಬಂದ್. ಹಂಡೆಯ ಕಾಲದಲ್ಲಿ ಈ ಪದ್ಧತಿ ಹೇಗೋ ನಡೆಯಿತು. ಈಗ ಅದೇ ಪದ್ಧತಿ ಗೀಸರಿನ ಕೆಳಗೆ ನಡೆಯುತ್ತಿದೆ. ಅರ್ಧ ತಾಸು ನೀರು ಹರಿಯುತ್ತದೆ, ಒಳಗೆ ಬಾಣಂತಿ, ನೀರು ಹಾಕುವ ಆಯಿ, ಅವಳ ಕಾಲ ಮೇಲೆ ಕೂಸು. ಹೆರಿಗೆಯಲ್ಲಿ ರಕ್ತ ಹೋಗಿ ಮೊದಲೇ ಹಿಮೋಗ್ಲೋಬಿನ್ ಕಡಿಮೆ ಇದ್ದವಳು. ಕೂಸಿನ ಉಸಿರಾಟ ದೊಡ್ಡವರಿಗಿಂತ ಬೀಸು, ವಿಷ ಅದಕ್ಕೆ ಬೇಗ ಏರುತ್ತದೆ. ಜಳಕವಾದ ಮೇಲೆ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಾಸಿ, ಕೋಣೆಯ ಕದ ಹಾಕುವ ರೂಢಿಯೂ ಇದೆ, ಕೆಂಡದಿಂದ ಬರುವುದೂ ಇದೇ ಅನಿಲ. ಎರೆದುಕೊಂಡ ಬಾಣಂತಿ "ಕಣ್ಣ ಕತ್ಲಿ ಬಂತು" ಅಂದರೆ ನಂಜು, ದೃಷ್ಟಿ ಎನ್ನುವ ಮೊದಲು ಗೋಡೆಯ ಮೇಲೊಮ್ಮೆ ನೋಡಬೇಕು.

ಎರಡನೆಯ ಅಂಜಿಕೆ ಗುಡ್ಡದ್ದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುವುದು ಚಳಿಯ ದಿನಗಳಲ್ಲೇ. ಬಾಡಿಗೆಗೆ ಕೊಡುವ ಒಂದೊಂದು ಕೋಣೆಯಲ್ಲಿ ಎಂಟು-ಹತ್ತು ಜನ ಇಳಿದುಕೊಂಡು, ಬೆಳಗಿನ ಜಾವ ಸಾಲುಹಿಡಿದು ಜಳಕ ಮಾಡುತ್ತಾರೆ. ಇಂಥ ಬಚ್ಚಲುಗಳಿಗೆ ಗೀಸರ್ ಹಾಕುವ ಮಾಲೀಕರು ನನ್ನ ತಂಗಿಯ ರವಿವಾರವನ್ನು ನೆನಪಿಡಬೇಕು. ಮೊದಲನೆಯವನಿಗೆ ಏನೂ ಆಗದಿರಬಹುದು. ಅವನು ಬಿಟ್ಟುಹೋದ ಗಾಳಿಯಲ್ಲಿ ಎರಡನೆಯವನು, ಇಬ್ಬರೂ ಬಿಟ್ಟದ್ದರಲ್ಲಿ ಮೂರನೆಯವನು. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಕತ್ತಲಲ್ಲೇ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವಾಗಲೂ ಲೆಕ್ಕ ಇದೇ.

ಪರಿಹಾರ ಎಕ್ಸಾಸ್ಟ್ ಫ್ಯಾನ್ ಎಂದು ಬಹಳ ಜನ ಹೇಳುತ್ತಾರೆ. ಫ್ಯಾನು ಗಾಳಿ ಹೊರಗೆ ತಳ್ಳಬೇಕೆಂದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಕೆಳಗೆ ಬಾಗಿಲಿಗೆ ಜಾಲಿ ಕೊರೆಯದೆ ಮೇಲೆ ಫ್ಯಾನು ಕೂಡಿಸಿದರೆ ಅದು ಸುಮ್ಮನೆ ತಿರುಗುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ಗ್ಯಾಸ್ ಗೀಸರ್ ಕೊಂಡದ್ದೇ ಕರೆಂಟು ಇಲ್ಲದಾಗ ನಡೆಯಲಿ ಎಂದು ಅಲ್ಲವೇ! 'ಗ್ಯಾಸ್ ಡಿಟೆಕ್ಟರ್' ಎಂದು ಅಡುಗೆಮನೆಗೆ ಮಾರುವ ಪೆಟ್ಟಿಗೆಯೂ ಎಲ್‌ಪಿಜಿಯನ್ನು ಹಿಡಿಯುತ್ತದೆ, ಮೊನಾಕ್ಸೈಡಿಗೆ ಬೇರೆಯದೇ ಬೇಕು.

ನಿಜವಾದ ಪರಿಹಾರ ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕುವುದು. ಹಿತ್ತಲ ಗೋಡೆಗೆ, ಸಜ್ಜಾದ ಕೆಳಗೆ, ಬಚ್ಚಲ ಕಿಂಡಿಯಿಂದ ದೂರ. ಕಿಂಡಿಯ ಕೆಳಗೇ ತೂಗುಹಾಕಿದರೆ ಸುಟ್ಟ ಗಾಳಿ ಮತ್ತೆ ಒಳಗೇ ನುಸುಳುತ್ತದೆ, ಆ ತಪ್ಪನ್ನೂ ನಾನು ಎರಡು ಮನೆಗಳಲ್ಲಿ ನೋಡಿದ್ದೇನೆ. ನಳದ ಕೆಲಸದವರ ತಕರಾರು ಒಂದೇ. ತಂಗಿಯ ಮನೆಗೆ ಬಂದವನೂ ಅದನ್ನೇ ಅಂದ: "ಬಚ್ಚಲದಾಗ ಹಾಕಿದ್ರ ನೀರ ಲಗೂ ಬಿಸಿ ಬರ್ತಾವ್ರೀ ಸರ. ಹೊರಗ ಹಾಕಿದ್ರ ಪೈಪಿನ್ಯಾಗ ಆರಿ ಬರ್ತಾವು." ಅದಕ್ಕೂ ಲೆಕ್ಕ ಹಾಕಿದೆ. ಅರ್ಧ ಇಂಚಿನ ಪೈಪು ಹತ್ತಡಿ ಉದ್ದ ಇದ್ದರೆ ಅದರಲ್ಲಿ ಹಿಡಿಯುವ ನೀರು 400 ಮಿಲಿಲೀಟರಿಗಿಂತ ಕಡಿಮೆ, ಒಂದು ತಂಬಿಗೆಯೂ ತುಂಬುವುದಿಲ್ಲ. ನಿಮಿಷಕ್ಕೆ ಆರು ಲೀಟರ್ ಹರಿದರೆ ನಾಲ್ಕು ಸೆಕೆಂಡು.

ಗೋಡೆ ಕೊರೆಯಲು ಮಾಲೀಕರು ಒಪ್ಪುವ ತನಕ ಏನು ಮಾಡುವುದು? ತಂಗಿ ಒಂದೂವರೆ ತಿಂಗಳು ಹೀಗೆ ಮಾಡಿದಳು: ಬಾಗಿಲು ತೆರೆದಿಟ್ಟು ಗೀಸರ್ ಹಚ್ಚಿ ಬಕೀಟು ತುಂಬಿಸುವುದು, ಗೀಸರ್ ಬಂದ್ ಮಾಡಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸುವುದು, ಐದು ನಿಮಿಷ ಬಿಟ್ಟು ಒಳಗೆ ಹೋಗುವುದು. ನಮ್ಮ ಕಡೆ ಶವರ್ ಬಳಸುವವರು ಕಡಿಮೆ, ಬಕೀಟು-ತಂಬಿಗೆಯ ಜನ ನಾವು, ಆದ್ದರಿಂದ ಇದು ಕಷ್ಟದ ಮಾತೇನಲ್ಲ. ಥರ್ಮಾಕೋಲ್ ತುಂಡನ್ನು ಮೊದಲ ದಿನವೇ ಕಿತ್ತು ತಿಪ್ಪೆಗೆ ಎಸೆದಿದ್ದೆ. ಅವಳ ತಲೆನೋವು ಆ ವಾರದಿಂದ ಬರಲಿಲ್ಲ.

ಈಗ ಗೀಸರ್ ಹಿತ್ತಲಲ್ಲಿ ತೆಂಗಿನ ಗಿಡದ ಪಕ್ಕದ ಗೋಡೆಗಿದೆ. ಮೊನ್ನೆ ಹೋದಾಗ ಅಳಿಯಂದಿರು, "ಮೊದಲನೇ ತಂಬಗಿ ನೀರ ಥಣ್ಣಗ ಬರ್ತಾವ ನೋಡ್ರಿ" ಎಂದು ದೂರಿದರು. ತಂಗಿ ಒಳಗಿನಿಂದ, "ಅದ ನೀರ್ಲೆ ಕಾಲ ತೊಳ್ಕೊಳ್ರಿ" ಅಂದಳು.